ಸ್ಟೀಲ್ ಹಾಲಿನ ಕ್ಯಾನ್ ರೆಂಡರ್: ಆಕಾಶ ಇಷ್ಟು ಬೆಳ್ಳಗಿದ್ದರೂ ಕ್ಯಾನಿನ ಮೈ ಯಾಕೆ ಕಪ್ಪು?

ಅಂತರಗಂಗೆ_ರೆಂಡರ್ (ಕೋಲಾರ)

ಎಲ್ಲರಿಗೂ ನಮಸ್ಕಾರ. ಟಮಕದ ಕಡೆ ಸ್ಟೀಲ್ ಪಾತ್ರೆ ಮಾಡೋ ಒಂದು ಸಣ್ಣ ವರ್ಕ್‌ಶಾಪ್‌ನವರು 40 ಲೀಟರ್ ಹಾಲಿನ ಕ್ಯಾನಿನ ಚಿತ್ರ ಕೇಳಿದ್ದಾರೆ. ಕ್ಯಾಟಲಾಗ್‌ಗೆ ಒಂದು ಸ್ಟಿಲ್, ವೆಬ್‌ಸೈಟ್‌ಗೆ ಬೆರಳಲ್ಲಿ ತಿರುಗಿಸಿ ನೋಡೋ 3ಡಿ ಮಾಡೆಲ್. ಮಾಡೆಲಿಂಗ್ ಮುಗಿದಿದೆ. ಕ್ಯಾನಿನ ಒಟ್ಟು ಎತ್ತರ 60 ಸೆಂ.ಮೀ., ಅದರಲ್ಲಿ ನೇರ ಗೋಡೆ 45, ಮೈಯ ವ್ಯಾಸ 34. ಅಳತೆಯೆಲ್ಲ ನಿಜದ್ದೇ.

ಬ್ಲೆಂಡರ್, ಸೈಕಲ್ಸ್. ಪಾಲಿ ಹೇವನ್‌ನಿಂದ ಬಯಲಲ್ಲಿ ತೆಗೆದ ಒಂದು ಎಚ್‌ಡಿಆರ್ ಇಳಿಸಿಕೊಂಡು ವರ್ಲ್ಡ್‌ಗೆ ಹಾಕಿದೀನಿ, ಒಳ್ಳೆ ಬಿಸಿಲು, ನೀಲಿ ಆಕಾಶ. ಕೆಳಗೆ 2 ಮೀಟರ್ ಚೌಕದ ತಿಳಿ ಬೂದು ನೆಲ. ಕ್ಯಾಮೆರಾ ಸ್ವಲ್ಪ ಮೇಲಿಂದ, 15 ಡಿಗ್ರಿ ಕೆಳಕ್ಕೆ ನೋಡ್ತಿದೆ, 85 ಎಂಎಂ ಲೆನ್ಸು.

ಮುಚ್ಚಳ ಮತ್ತೆ ಭುಜ ಚೆನ್ನಾಗಿ ಹೊಳೀತಿವೆ. ಆದ್ರೆ ಮೈ ಮಾತ್ರ ಕಪ್ಪು ಕಂದು. ಅದೂ ಪೂರ್ತಿ ಅಲ್ಲ. ಮೈಯ ಮಧ್ಯಕ್ಕೆ ಒಂದು ಗೆರೆ ಬರ್ತಿದೆ, ಅದರ ಕೆಳಗೆ ಬೂದು, ಮೇಲೆ ಕಪ್ಪು. ಗೆರೆ ನೇರವಾಗೂ ಇಲ್ಲ, ಸ್ವಲ್ಪ ಅಲೆ ಅಲೆಯಾಗಿದೆ. ಎಚ್‌ಡಿಆರ್ ಸ್ಟ್ರೆಂತ್ ಏರಿಸಿದ್ರೆ ಮುಚ್ಚಳ ಸುಟ್ಟು ಬೆಳ್ಳಗಾಗುತ್ತೆ, ಮೈ ಹಾಗೇ ಇರುತ್ತೆ. ಮೆಟೀರಿಯಲ್: ಮೆಟಾಲಿಕ್ 1, ರಫ್‌ನೆಸ್ 0.12, ಬಣ್ಣ 0.8. ಯಾರಾದ್ರೂ ಹೇಳಿ.

---

ಗುಬ್ಬಿ_ಗ್ರಾಫಿಕ್ಸ್ (ತುಮಕೂರು)

ಗುರು, ನಾರ್ಮಲ್ ಉಲ್ಟಾ ಇರ್ಬೇಕು. ಎಡಿಟ್ ಮೋಡಲ್ಲಿ ಎಲ್ಲ ಸೆಲೆಕ್ಟ್ ಮಾಡಿ Shift+N ಒತ್ತಿ ನೋಡು. ಆಮೇಲೆ ಲೋಹಕ್ಕೆ ಎಚ್‌ಡಿಆರ್ ಇಷ್ಟೆಲ್ಲ ಭಾರದ್ದು ಬೇಕಾಗಿಲ್ಲ. ನಾನು ಸ್ಟುಡಿಯೋ ಫೋಟೋದ ಜೆಪಿಜಿ ಒಂದನ್ನೇ ವರ್ಲ್ಡ್‌ಗೆ ಹಾಕಿ ಸ್ಟ್ರೆಂತ್ 5 ಕೊಡ್ತೀನಿ. ಕನ್ನಡಿ ಥರ ಇರೋ ವಸ್ತುವಿನಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ.

---

ಅಂತರಗಂಗೆ_ರೆಂಡರ್

ನಾರ್ಮಲ್ ನೋಡಿದೆ ಅಣ್ಣ, ಎಲ್ಲ ಹೊರಗಡೆಗೇ ಇವೆ, ಓವರ್‌ಲೇನಲ್ಲಿ ಪೂರ್ತಿ ನೀಲಿ.

---

ಚಿಂತಾಮಣಿ_ಶೇಡರ್

ನಾರ್ಮಲ್‌ದು ಅಲ್ಲ. ನಿಮ್ಮ ಕ್ಯಾನ್ ಸರಿಯಾಗೇ ಕೆಲಸ ಮಾಡ್ತಿದೆ. ಅದರ ಮೈಗೆ ಆಕಾಶ ಕಾಣ್ತಾನೇ ಇಲ್ಲ, ಅಷ್ಟೇ.

ಹೀಗೆ ಯೋಚನೆ ಮಾಡಿ. ಕ್ಯಾನಿನ ಗೋಡೆ ನೆಟ್ಟಗೆ ನಿಂತಿದೆ. ಕ್ಯಾಮೆರಾದಿಂದ ಹೊರಟ ದೃಷ್ಟಿ 15 ಡಿಗ್ರಿ ಕೆಳಕ್ಕೆ ಇಳೀತಾ ಬಂದು ಆ ಗೋಡೆಗೆ ತಾಗುತ್ತೆ. ಗೋಡೆ ನೆಟ್ಟಗಿರೋದ್ರಿಂದ ಅದು ದೃಷ್ಟಿಯನ್ನ ಎಡಕ್ಕೋ ಬಲಕ್ಕೋ ಹಿಂದಕ್ಕೋ ತಿರುಗಿಸಬಹುದು, ಮೇಲಕ್ಕೆ ತಿರುಗಿಸೋಕೆ ಆಗಲ್ಲ. 15 ಡಿಗ್ರಿ ಇಳೀತಾ ಬಂದದ್ದು 15 ಡಿಗ್ರಿ ಇಳೀತಾನೇ ಹೋಗುತ್ತೆ. ಅಂದ್ರೆ ನಿಮ್ಮ ಕ್ಯಾನಿನ ಪೂರ್ತಿ ಗೋಡೆ ನೋಡ್ತಿರೋದು ನೆಲವನ್ನ. ಆಕಾಶ ಕಾಣೋದು ಓರೆಯಾಗಿರೋ ಭುಜಕ್ಕೆ ಮತ್ತು ಮುಚ್ಚಳಕ್ಕೆ ಮಾತ್ರ. ಅದಕ್ಕೇ ಅವೆರಡೇ ಹೊಳೀತಿರೋದು.

ಈಗ ಆ ಗೆರೆ. ನಿಮ್ಮ ನೆಲ 2 ಮೀಟರ್ ಚೌಕ, ಕ್ಯಾನ್ ನಡುವೆ. ಹಾಗಾದ್ರೆ ನಡುವಿನಿಂದ ಅಂಚಿಗೆ 100 ಸೆಂ.ಮೀ., ಅದರಲ್ಲಿ ಕ್ಯಾನಿನ ಅರ್ಧ ವ್ಯಾಸ 17 ಕಳೆದ್ರೆ ಗೋಡೆಯಿಂದ ಮುಂದಿನ ಅಂಚಿಗೆ 83. 15 ಡಿಗ್ರಿ ಇಳಿಯೋ ಕಿರಣ 83 ಸೆಂ.ಮೀ. ದೂರ ಹೋಗೋಷ್ಟರಲ್ಲಿ 83 × 0.268, ಅಂದ್ರೆ ಸುಮಾರು 22 ಸೆಂ.ಮೀ. ಇಳಿಯುತ್ತೆ. ಗೋಡೆಯ ಮೇಲೆ 22 ಸೆಂ.ಮೀ. ಎತ್ತರಕ್ಕಿಂತ ಕೆಳಗಿನ ಜಾಗಕ್ಕೆ ನಿಮ್ಮ ಬೂದು ನೆಲ ಕಾಣುತ್ತೆ. ಅದಕ್ಕಿಂತ ಮೇಲಿನ ಜಾಗದಿಂದ ಹೊರಟ ಕಿರಣ ನೆಲದ ಅಂಚನ್ನ ದಾಟಿ ಹೋಗಿ ಎಚ್‌ಡಿಆರ್‌ನ ಕೆಳಗಿನ ಅರ್ಧಕ್ಕೆ, ಅಂದ್ರೆ ಅಲ್ಲಿನ ಮಣ್ಣು ಹುಲ್ಲಿಗೆ ಬಡಿಯುತ್ತೆ. 45 ಸೆಂ.ಮೀ. ಗೋಡೆಯಲ್ಲಿ 22 ಅಂದ್ರೆ ಹೆಚ್ಚುಕಡಿಮೆ ಅರ್ಧ. ಗೆರೆ ಅಲೆಯಾಗಿರೋದು ಯಾಕಂದ್ರೆ ನೆಲ ಚೌಕ. ಮೂಲೆ ದೂರ, ಬದಿ ಹತ್ತಿರ.

ನಂಬಿಕೆ ಬರದಿದ್ರೆ ಒಂದು ಪರೀಕ್ಷೆ ಮಾಡಿ. 1024×512 ರ ಒಂದು ಚಿತ್ರದಲ್ಲಿ ಮೇಲಿನ ಅರ್ಧ ನೀಲಿ, ಕೆಳಗಿನ ಅರ್ಧ ಕೆಂಪು ಬಳಿದು ಅದನ್ನೇ ವರ್ಲ್ಡ್‌ಗೆ ಹಾಕಿ. ನೆಲವನ್ನ ಮರೆ ಮಾಡಿ. ಗೋಡೆ ಪೂರ್ತಿ ಕೆಂಪಾಗಿ ಬರುತ್ತೆ.

ಪರಿಹಾರ: ನೆಲ ದೊಡ್ಡದು ಮಾಡಿ. ಗೋಡೆಯ ತುದಿಯಿಂದ ಹೊರಟ ಕಿರಣ ನೆಲ ಮುಟ್ಟೋದು 45 ÷ 0.268, ಸುಮಾರು 168 ಸೆಂ.ಮೀ. ದೂರದಲ್ಲಿ. ಕ್ಯಾಮೆರಾನ ಇನ್ನೂ ಕೆಳಗಿಳಿಸಿ 10 ಡಿಗ್ರಿ ಮಾಡಿದ್ರೆ 255. ಹಾಗಾಗಿ ಕ್ಯಾನಿನ ಸುತ್ತ 3 ಮೀಟರ್ ಇಟ್ಟುಬಿಡಿ. ನೆಲದ ಬಣ್ಣ ತಿಳಿ ಇರಲಿ, ಮೈಗೆ ಬೆಳಕು ಬರೋದು ಅಲ್ಲಿಂದಲೇ.

ಇನ್ನೊಂದು: ಸ್ಟೀಲಿಗೆ 0.8 ಹೆಚ್ಚಾಯ್ತು. 0.55ರಿಂದ 0.6ರೊಳಗೆ ಇಡಿ. 0.9ರ ಹತ್ತಿರ ಹೋಗೋದು ಅಲ್ಯೂಮಿನಿಯಂ, ಬೆಳ್ಳಿ ಥರದವು.

---

ತಿಪಟೂರು_ಗಾಣ

ನಮಸ್ತೆ. ನಮ್ದು ಗಾಣದ ಕೊಬ್ಬರಿ ಎಣ್ಣೆ, ಗಾಜಿನ ಬಾಟಲಿ. ಮೊಬೈಲಲ್ಲಿ ಫೋಟೋ ತೆಗೆಯುವಾಗ ಎಚ್‌ಡಿಆರ್ ಆನ್ ಇಡಬೇಕಾ ಆಫ್ ಇಡಬೇಕಾ? ಆನ್ ಇಟ್ರೆ ಎಣ್ಣೆ ಬಣ್ಣವೇ ಬೇರೆ ಬರುತ್ತೆ.

---

ಗುಬ್ಬಿ_ಗ್ರಾಫಿಕ್ಸ್

ಸರ್, ಇದು ಆ ಎಚ್‌ಡಿಆರ್ ಅಲ್ಲ, 3ಡಿ ಸೀನಿಗೆ ಸುತ್ತಲೂ ಸುತ್ತೋ ಪನೋರಮಾ. ಆದ್ರೆ ಐಡಿಯಾ ಒಂದೇ. ಮೊಬೈಲ್ ಎಚ್‌ಡಿಆರ್ ಪನೋರಮಾ ತೆಗೆದು ಅದನ್ನೇ ಹಾಕಬಹುದು.

@ಚಿಂತಾಮಣಿ ಅಣ್ಣ, ನೆಲದ ಲೆಕ್ಕ ಒಪ್ಪಿದೆ. ಆದ್ರೆ ಬಣ್ಣ 0.55 ಅಂದ್ರೆ ಕ್ಲೈಂಟ್ ಓಡಿ ಹೋಗ್ತಾನೆ, ಅವ್ರಿಗೆ ಪಳಪಳ ಬೇಕು.

---

ಚಿಂತಾಮಣಿ_ಶೇಡರ್

ಅಣ್ಣ ಅಲ್ಲ, ಅಕ್ಕ.

ಪಳಪಳ ಬರೋದು ಬಣ್ಣದಿಂದ ಅಲ್ಲ, ಪಕ್ಕಪಕ್ಕದಲ್ಲಿ ತುಂಬ ಬೆಳಕು ತುಂಬ ಕತ್ತಲು ಇರೋದ್ರಿಂದ. ಅದಕ್ಕೇ ಜೆಪಿಜಿ ಮಾತು ಒಪ್ಪೋಕಾಗಲ್ಲ. ಮೊಬೈಲ್ ಪನೋರಮಾನೂ ಅಷ್ಟೇ. ಮೊಬೈಲಿನ ಎಚ್‌ಡಿಆರ್ ಎಷ್ಟೋ ಎಕ್ಸ್‌ಪೋಶರ್ ಸೇರಿಸಿ ಕೊನೆಗೆ ಪರದೆಯಲ್ಲಿ ಕಾಣೋ ಹಾಗೆ ಹಿಸುಕಿ ಕೊಡುತ್ತೆ. ನಮಗೆ ಬೇಕಾದ್ದು ಹಿಸುಕದೇ ಇರೋದು.

ನೀವು ಹೇಳಿದ್ದರಲ್ಲಿ ಅರ್ಧ ನಿಜ: ಕನ್ನಡಿಯಷ್ಟು ನಯವಾದ ಮೇಲ್ಮೈಯಲ್ಲಿ ಸಾಫ್ಟ್‌ಬಾಕ್ಸ್ ಬಿಳಿ 1 ಇದ್ರೂ ಬಿಳಿ, 50 ಇದ್ರೂ ಹೆಚ್ಚುಕಡಿಮೆ ಬಿಳಿಯೇ. ಎಡವಟ್ಟಾಗೋದು ಮೇಲ್ಮೈ ಸ್ವಲ್ಪ ಒರಟಾದಾಗ. ಒರಟು ಮೇಲ್ಮೈ ಅಂದ್ರೆ ಸುತ್ತಲಿನ ಒಂದು ತುಂಡು ಜಾಗವನ್ನ ಕಲಸಿ ಸರಾಸರಿ ಕೊಡೋದು. ಆ ತುಂಡಿನ ನೂರರಲ್ಲಿ 2 ಭಾಗ ಮಾತ್ರ ಲೈಟು ಅಂತಿಟ್ಕೊಳ್ಳಿ, ಅದರ ನಿಜವಾದ ಬೆಲೆ 50. ಕಲಸಿದ ಮೇಲೆ ಅದರ ಪಾಲು 1.0, ಹೊಳಪಿನ ಗೆರೆ ಎದ್ದು ಕಾಣುತ್ತೆ. ಜೆಪಿಜಿಯಲ್ಲಿ ಅದೇ ಲೈಟು 1ಕ್ಕೆ ಕತ್ತರಿಸಿ ಹೋಗಿರುತ್ತೆ, ಪಾಲು 0.02. ಸ್ಟ್ರೆಂತ್ 5 ಕೊಟ್ರೆ 0.1. ಜೊತೆಗೆ ಗೋಡೆ, ನೆಲ, ಮೂಲೆ ಎಲ್ಲದೂ ಐದು ಪಟ್ಟು ಆಗುತ್ತೆ. ಕತ್ತಲು ಹೋಯ್ತು, ಹೊಳಪು ಬರಲಿಲ್ಲ. ಸ್ಟೀಲು ಬೂದು ಪ್ಲಾಸ್ಟಿಕ್ ಥರ ಕಾಣೋದು ಇದಕ್ಕೇ.

ನೋಡೋದು ಸುಲಭ. ಇಮೇಜ್ ಎಡಿಟರ್‌ನಲ್ಲಿ ಎಚ್‌ಡಿಆರ್ ತೆರೆದು ಲೈಟಿನ ಮೇಲೆ ಬಲ ಗುಂಡಿ ಒತ್ತಿ ಹಿಡಿದು ಎಳೆದಾಡಿ, ಕೆಳಗೆ ಬೆಲೆಗಳು ಬರ್ತವೆ. ಎಲ್ಲ ಕಡೆ ಸರಿಯಾಗಿ 1.0ಕ್ಕೇ ನಿಂತಿದ್ರೆ ಆ ಫೈಲು ಹೆಸರಿಗೆ ಮಾತ್ರ .hdr.

---

ಅಂತರಗಂಗೆ_ರೆಂಡರ್

ಅಕ್ಕ, ಕೆಂಪು ನೀಲಿ ಪರೀಕ್ಷೆ ಮಾಡಿದೆ, ಮೈಯೆಲ್ಲ ಕೆಂಪು! ನೆಲ 6 ಮೀಟರ್ ಚೌಕ ಮಾಡಿದೆ, ಗೆರೆ ಹೋಯ್ತು. ಬಣ್ಣ 0.57. ಮೈ ಈಗ ತಿಳಿಯಾಗಿದೆ, ಆದ್ರೆ ಸಪ್ಪೆ. ಆಮೇಲೆ ಕ್ಲೈಂಟ್ ಬಿಳಿ ಹಿನ್ನೆಲೆ ಕೇಳಿದ್ರು, ಹಿಂದೆ ಬಿಳಿ ಪರದೆ ನಿಲ್ಲಿಸಿದೆ. ಈಗ ಕ್ಯಾನಿನ ಎರಡು ಅಂಚೂ ಹಿನ್ನೆಲೆಯೊಳಗೆ ಕರಗಿ ಹೋಗ್ತಿವೆ. ಎಲ್ಲಿ ಕ್ಯಾನ್ ಮುಗೀತು ಅಂತಲೇ ಗೊತ್ತಾಗಲ್ಲ. ರಿಮ್ ಲೈಟ್ ಹಾಕಿದ್ರೆ ಇನ್ನೂ ಕೆಟ್ಟೋಯ್ತು.

---

ಶಿರಾ_ಸ್ಟುಡಿಯೋ

ಇದು ನಮ್ಮ ಫೋಟೋಗ್ರಫಿ ಕಡೆಯ ಹಳೇ ಸಮಸ್ಯೆ ತಮ್ಮಾ. ನನಗೆ ಬ್ಲೆಂಡರ್ ಗೊತ್ತಿಲ್ಲ, ಆದ್ರೆ ಸ್ಟೀಲ್ ಲೋಟ ಚೊಂಬು ಸಾಕಷ್ಟು ತೆಗೆದಿದೀನಿ. ಬಿಳಿ ಹಿನ್ನೆಲೆಯಲ್ಲಿ ಅಂಚಿಗೆ ಲೈಟ್ ಕೊಡಬಾರದು, ಕಪ್ಪು ಕೊಡಬೇಕು. ಎರಡು ಬದಿಗೂ, ಸ್ವಲ್ಪ ಹಿಂದಕ್ಕೆ, ಫ್ರೇಮಿನಿಂದ ಆಚೆ ಕಪ್ಪು ಚಾರ್ಟ್ ನಿಲ್ಲಿಸ್ತೀವಿ. ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆ ಬರುತ್ತೆ.

---

ಚಿಂತಾಮಣಿ_ಶೇಡರ್

ಶಿರಾದವರು ಹೇಳಿದ್ದೇ ಸರಿ. ಯಾಕೆ ಅಂತ ಲೆಕ್ಕ ಹಾಕಿದ್ರೆ ಚಾರ್ಟು ಎಲ್ಲಿಡಬೇಕು ಅನ್ನೋದೂ ಗೊತ್ತಾಗುತ್ತೆ.

ಕ್ಯಾನನ್ನ ಮೇಲಿಂದ ನೋಡಿ, ಒಂದು ವೃತ್ತ. ಕ್ಯಾಮೆರಾಗೆ ನೇರ ಎದುರಿನ ಬಿಂದು ಕ್ಯಾಮೆರಾ ಕಡೆಯನ್ನೇ ತೋರಿಸುತ್ತೆ. ಅಲ್ಲಿಂದ ವೃತ್ತದ ಮೇಲೆ ಎಷ್ಟು ಡಿಗ್ರಿ ಬದಿಗೆ ಸರಿದ್ರೂ ಕಾಣೋ ದಿಕ್ಕು ಅದರ ಎರಡರಷ್ಟು ತಿರುಗುತ್ತೆ. 45 ಡಿಗ್ರಿ ಸರಿದ್ರೆ 90, ಅಂದ್ರೆ ಪಕ್ಕದ ಗೋಡೆ. 90 ಸರಿದ್ರೆ, ಅಂದ್ರೆ ಅಂಚಿಗೆ ಬಂದ್ರೆ, 180: ಕ್ಯಾನಿನ ಹಿಂದುಗಡೆ. ಹಾಗಾಗಿ ಅಂಚು ಯಾವಾಗಲೂ ತೋರಿಸೋದು ತನ್ನ ಹಿನ್ನೆಲೆಯನ್ನೇ. ಹಿನ್ನೆಲೆ ಬಿಳಿ ಅಂದ್ಮೇಲೆ ಅಂಚೂ ಬಿಳಿ.

ಈ 360 ಡಿಗ್ರಿ ಸಮನಾಗಿ ಹರಡಲ್ಲ. ನಿಮ್ಮ ಕ್ಯಾನಿಗೆ ಲೆಕ್ಕ ಹಾಕಿದೆ. ಕ್ಯಾಮೆರಾ ಬೆನ್ನ ಹಿಂದಿನ 40 ಡಿಗ್ರಿ ಜಾಗ ಮೈ ಮೇಲೆ ಸುಮಾರು 6 ಸೆಂ.ಮೀ. ಅಗಲ ಹಿಡಿಯುತ್ತೆ. ನೇರ ಪಕ್ಕದ 40 ಡಿಗ್ರಿ ನಾಲ್ಕು ಚಿಲ್ಲರೆ. ಹಿಂದುಗಡೆ, 140ರಿಂದ 180ರ ತನಕದ 40 ಡಿಗ್ರಿ ಬರೀ 1 ಸೆಂ.ಮೀ. ಪಟ್ಟಿಯಾಗಿ ಅಂಚಿನಲ್ಲಿ ಮುದುರಿಕೊಳ್ಳುತ್ತೆ. ಹಾಗಾಗಿ 1 ಸೆಂ.ಮೀ. ಕಪ್ಪು ಗೆರೆ ಬೇಕು ಅಂದ್ರೆ ಕಪ್ಪು ಹಲಗೆ ಅಷ್ಟು ದೊಡ್ಡ ಜಾಗವನ್ನ ಮುಚ್ಚಬೇಕು. ಸಣ್ಣ ಹಲಗೆ ಇಟ್ಟು ಏನೂ ಕಾಣ್ತಿಲ್ಲ ಅನ್ನೋರು ಇಲ್ಲೇ ಸೋಲೋದು. ಫ್ರೇಮಿಗೆ ಬೇಕಾದ ಬಿಳಿ ಬಿಟ್ಟು ಉಳಿದದ್ದನ್ನೆಲ್ಲ ಎರಡೂ ಕಡೆ ಕಪ್ಪು ಹಲಗೆಯಿಂದ ತುಂಬಿ. ಬ್ಲೆಂಡರ್‌ನಲ್ಲಿ ನಮಗೆ ಅನುಕೂಲ ಇದೆ, `Ray Visibility` ಯಲ್ಲಿ `Camera` ಟಿಕ್ ತೆಗೆದ್ರೆ ಹಲಗೆ ಫ್ರೇಮಿನೊಳಗಿದ್ರೂ ಚಿತ್ರದಲ್ಲಿ ಕಾಣಲ್ಲ, ಕ್ಯಾನಿಗೆ ಮಾತ್ರ ಕಾಣುತ್ತೆ.

ಸಪ್ಪೆಗೆ: ಬಯಲಿನ ಎಚ್‌ಡಿಆರ್ ಬಿಟ್ಟುಬಿಡಿ. ಸ್ಟುಡಿಯೋದ ಎಚ್‌ಡಿಆರ್ ಒಂದನ್ನ ಕಡಿಮೆ ಸ್ಟ್ರೆಂತ್‌ನಲ್ಲಿ ಇಟ್ಟು, ಅದರ ಮೇಲೆ ನಿಮ್ಮದೇ ಒಂದು ಉದ್ದನೆ ಬೆಳಕಿನ ಹಲಗೆಯನ್ನ ಎಡ ಪಕ್ಕಕ್ಕೆ, ನೆಲದಿಂದಲೇ ಶುರುವಾಗೋ ಹಾಗೆ ನಿಲ್ಲಿಸಿ. ಮೇಲಕ್ಕೆ ನೇತು ಹಾಕಿದ್ರೆ ಗೋಡೆಗೆ ಕಾಣಲ್ಲ, ಮೊದಲು ಹೇಳಿದ 15 ಡಿಗ್ರಿ ಕಾರಣಕ್ಕೆ. ನೆಲದ ಮೇಲೆ ನಿಂತ ಹಲಗೆನೂ ಗೋಡೆಯ ಮೇಲ್ಭಾಗಕ್ಕೆ ಕಾಣುತ್ತೆ, ತಳಕ್ಕೆ ಬರೋ ಹೊತ್ತಿಗೆ ನೆಲಕ್ಕೆ ಕರಗುತ್ತೆ. ಹಲಗೆ ಕ್ಯಾನಿಗೆ ಹತ್ತಿರವಾದಷ್ಟೂ ಹೊಳಪಿನ ಗೆರೆ ಕೆಳತನಕ ಇಳಿಯುತ್ತೆ.

---

ಬಫಿಂಗ್_ಮೇಷ್ಟ್ರು (ತುಮಕೂರು)

ನಾನು ಕಂಪ್ಯೂಟರಿನವನಲ್ಲ, ಮಗ ತೋರಿಸಿದ. ನಾವು ವಸಂತನರಸಾಪುರದಲ್ಲಿ ಸ್ಟೀಲ್ ಫಿನಿಶಿಂಗ್ ಕೆಲಸ ಮಾಡ್ತೀವಿ. ನೀವೆಲ್ಲ ಕ್ಯಾನನ್ನ ಕನ್ನಡಿ ಅಂದುಕೊಂಡು ಮಾತಾಡ್ತಿದೀರಿ. ಹಾಲಿನ ಕ್ಯಾನಿಗೆ ಹೊರಗಡೆ ಕನ್ನಡಿ ಪಾಲಿಶ್ ಯಾರೂ ಹಾಕಲ್ಲ, ದುಬಾರಿ. ಕ್ಯಾನನ್ನ ತಿರುಗಿಸಿ ಎಮರಿ ಪಟ್ಟಿ ಹಿಡೀತೀವಿ. ಗೀರು ಎಲ್ಲ ಸುತ್ತಕ್ಕೆ ಬರುತ್ತೆ, ಬಳೆ ಬಳೆಯಾಗಿ. ಬಿಸಿಲಿಗೆ ಇಟ್ರೆ ಹೊಳಪು ಮೇಲಿಂದ ಕೆಳಗೆ ಉದ್ದಕ್ಕೆ ಎಳೆದ ಹಾಗೆ ಕಾಣುತ್ತೆ. ನಿಮ್ಮ ಚಿತ್ರದಲ್ಲಿ ಅದು ಇಲ್ಲ.

---

ಚಿಂತಾಮಣಿ_ಶೇಡರ್

ಮೇಷ್ಟ್ರೇ, ನೀವು ಹೇಳಿದ್ದು ಇಡೀ ಲೆಕ್ಕಕ್ಕೇ ತಿದ್ದುಪಡಿ. ಗೀರು ಅಡ್ಡಕ್ಕೆ ಸುತ್ತಿದ್ರೆ ಮೇಲ್ಮೈಯ ಓರೆ ಕೋರೆ ಎಲ್ಲ ಮೇಲೆ ಕೆಳಗೆ ದಿಕ್ಕಿಗೆ ಹರಡಿರುತ್ತೆ. ಅಂದ್ರೆ ಬಿಂಬ ಅಡ್ಡಕ್ಕೆ ಚೂಪಾಗಿರುತ್ತೆ, ಉದ್ದಕ್ಕೆ ಕಲಸಿಹೋಗುತ್ತೆ. ಹಾಗಾಗಿ ನಿಜವಾದ ಕ್ಯಾನಿನ ಗೋಡೆಗೆ ನೆಲದ ಜೊತೆಗೆ ಆಕಾಶವೂ ಸ್ವಲ್ಪ ಸೇರ್ಕೊಳ್ಳುತ್ತೆ. ನಾನು ಹೇಳಿದ ನೆಲದ ಗೆರೆ ಚೂಪಾಗಿ ಕಾಣೋದು ಅವರು ರಫ್‌ನೆಸ್ 0.12 ಇಟ್ಟಿದ್ದಕ್ಕೆ.

ಕೋಲಾರದವರೇ, ಪ್ರಿನ್ಸಿಪಲ್ಡ್ ಶೇಡರ್‌ನಲ್ಲಿ ರಫ್‌ನೆಸ್ 0.3, `Anisotropic` 0.7ರ ಹತ್ತಿರ ಇಟ್ಟು ನೋಡಿ. ಟ್ಯಾಂಜೆಂಟ್ ನೋಡ್‌ನಲ್ಲಿ `Radial`, Z ಅಕ್ಷ ಕೊಡಿ. ಹೊಳಪು ಅಡ್ಡಕ್ಕೆ ಹರಡಿ ಬಂದ್ರೆ `Anisotropic Rotation` 0.25 ಮಾಡಿ, ಅದು 90 ಡಿಗ್ರಿ ತಿರುಗಿಸುತ್ತೆ. ಇದು ಸೈಕಲ್ಸ್‌ನಲ್ಲಿ ಮಾತ್ರ. ಈವಿಯಲ್ಲಿ ಕೆಲಸ ಮಾಡಲ್ಲ.

---

ಅಂತರಗಂಗೆ_ರೆಂಡರ್

ಮೇಷ್ಟ್ರೇ ಕೈ ಮುಗಿದೆ. ಅನಿಸೋಟ್ರೊಪಿ ಹಾಕಿದ ಮೇಲೆ ವರ್ಕ್‌ಶಾಪ್‌ನವರು "ಇದು ನಮ್ ಕ್ಯಾನು" ಅಂದ್ರು. ಕಪ್ಪು ಹಲಗೆಯಿಂದ ಅಂಚೂ ಎದ್ದು ಬಂತು. ಸ್ಟಿಲ್ ಒಪ್ಪಿಗೆಯಾಯ್ತು.

ಈಗ ವೆಬ್ಬಿನದು. ಜಿಎಲ್‌ಬಿ ಮಾಡಿ ಮಾಡೆಲ್-ವ್ಯೂವರ್‌ಗೆ ಹಾಕಿದೆ, ಅದೇ ಸ್ಟುಡಿಯೋ ಎಚ್‌ಡಿಆರ್ ಕೊಟ್ಟೆ. ಕ್ಯಾನ್ ಗಾಳಿಯಲ್ಲಿ ತೇಲ್ತಿದೆ. ನೆಲದ ಬಿಂಬ ಇಲ್ಲ, ಕಪ್ಪು ಅಂಚಿಲ್ಲ, ಬೆಳಕಿನ ಹಲಗೆ ಇಲ್ಲ. ರಿಫ್ಲೆಕ್ಷನ್ ಪ್ರೋಬ್ ಹಾಕಿದ್ರೆ ಸರಿ ಹೋಗುತ್ತೆ ಅಂತ ಓದಿದೆ. ಬ್ಲೆಂಡರ್‌ನಲ್ಲಿ ಲೈಟ್ ಪ್ರೋಬ್ ಸ್ಫಿಯರ್ ಇಟ್ಟು ಎಕ್ಸ್‌ಪೋರ್ಟ್ ಮಾಡಿದೆ, ಏನೂ ಬರಲಿಲ್ಲ.

---

ಗೌರಿಬಿದನೂರು_ಗೇಮ್ಸ್

ಜಿಎಲ್‌ಬಿ ಫೈಲಿಗೆ ಪ್ರೋಬ್ ಹೋಗಲ್ಲ ಬ್ರೋ. ಪ್ರೋಬ್ ಅನ್ನೋದು ಈವಿ, ಯೂನಿಟಿ, ಅನ್‌ರಿಯಲ್ ಇವುಗಳ ಒಳಗಿನ ವ್ಯವಸ್ಥೆ.

ಯೂನಿಟಿಯಲ್ಲಿ ಮಾಡೋದಾದ್ರೆ ಹೇಳ್ತೀನಿ. ಕ್ಯಾನಿನ ಮೈ ಮಧ್ಯಕ್ಕೆ ಒಂದು ರಿಫ್ಲೆಕ್ಷನ್ ಪ್ರೋಬ್. ಕ್ಯಾನನ್ನ ಬೇರೆ ಲೇಯರ್‌ಗೆ ಹಾಕಿ ಪ್ರೋಬಿನ `Culling Mask` ನಿಂದ ತೆಗೆದುಬಿಡಿ, ಇಲ್ಲಾಂದ್ರೆ ಕ್ಯಾನಿನ ಹಿಡಿ, ಮುಚ್ಚಳವೆಲ್ಲ ಪ್ರೋಬಿನೊಳಗೆ ಸೇರ್ಕೊಂಡು ಮೈ ಮೇಲೆ ದೊಡ್ಡದಾಗಿ ವಿಕಾರವಾಗಿ ಬರ್ತವೆ. `Box Projection` ಆನ್ ಮಾಡಿ. ಯುಆರ್‌ಪಿ ಆದ್ರೆ ಪೈಪ್‌ಲೈನ್ ಅಸೆಟ್‌ನಲ್ಲೂ ಅದೇ ಟಿಕ್ ಇದೆ, ಅಲ್ಲೂ ಹಾಕ್ಬೇಕು, ತುಂಬ ಜನ ಇಲ್ಲೇ ತಲೆ ಕೆಡಿಸ್ಕೊಳ್ಳೋದು. ಮುಖ್ಯವಾದ್ದು ಪೆಟ್ಟಿಗೆಯ ತಳ ಸರಿಯಾಗಿ ನೆಲದ ಮಟ್ಟಕ್ಕೇ ಇರಬೇಕು. ಹತ್ತು ಸೆಂ.ಮೀ. ಕೆಳಗಿಳಿದ್ರೆ ಬಿಂಬದಲ್ಲಿ ನೆಲವೂ ಅಷ್ಟು ಕೆಳಗೆ ಹೋಗಿ ಮತ್ತೆ ತೇಲುತ್ತೆ.

---

ಚಿಂತಾಮಣಿ_ಶೇಡರ್

ಪ್ರೋಬ್ ಅಂದ್ರೆ ಒಂದು ಬಿಂದುವಿನಲ್ಲಿ ನಿಂತು ಸುತ್ತ ತೆಗೆದ ಪನೋರಮಾ. ಎಚ್‌ಡಿಆರೂ ಅದೇ. ಹಾಗಾಗಿ ವೆಬ್ಬಿಗೆ ನಿಮ್ಮ ಪ್ರೋಬನ್ನ ನೀವೇ ಕೈಯಾರೆ ತೆಗೆದು ಎಚ್‌ಡಿಆರ್ ಆಗಿ ಕೊಡಿ.

ಬ್ಲೆಂಡರ್‌ನ ಅದೇ ಸೀನಿನಲ್ಲಿ ಹೊಸ ಕ್ಯಾಮೆರಾ, ಪನೋರಮಿಕ್, ಈಕ್ವಿರೆಕ್ಟ್ಯಾಂಗ್ಯುಲರ್. ಅದನ್ನ ಕ್ಯಾನಿನ ಗೋಡೆಯ ಅರ್ಧ ಎತ್ತರಕ್ಕೆ, ಕ್ಯಾನಿನ ನಡುವೆಯೇ ಇಡಿ. X ತಿರುವು ಸರಿಯಾಗಿ 90 ಡಿಗ್ರಿ ಇರಲಿ, ಓರೆಯಾದ್ರೆ ಇಡೀ ಲೋಕವೇ ವಾಲುತ್ತೆ. ಕ್ಯಾನನ್ನ ಪೂರ್ತಿ ಮರೆ ಮಾಡಬೇಡಿ. `Ray Visibility` ಯಲ್ಲಿ `Camera` ಒಂದನ್ನೇ ತೆಗೆಯಿರಿ. ಆಗ ಕ್ಯಾನ್ ಚಿತ್ರದಲ್ಲಿ ಬರಲ್ಲ, ಆದ್ರೆ ಅದರ ನೆರಳು ನೆಲದ ಮೇಲೆ ಉಳಿಯುತ್ತೆ. ಕಪ್ಪು ಹಲಗೆ, ಬೆಳಕಿನ ಹಲಗೆಗೆ ಮಾತ್ರ ಉಲ್ಟಾ: ಅವಕ್ಕೆ ತೆಗೆದಿದ್ದ `Camera` ಟಿಕ್ ವಾಪಸ್ ಹಾಕಿ, ಇಲ್ಲಾಂದ್ರೆ ಪನೋರಮಾದಲ್ಲೂ ಬರಲ್ಲ. 1024×512, ರೇಡಿಯನ್ಸ್ ಎಚ್‌ಡಿಆರ್ ಅಂತ ಸೇವ್ ಮಾಡಿ. ಒಂದು ಪಿಕ್ಸೆಲ್‌ಗೆ 4 ಬೈಟ್, ಹೆಚ್ಚೆಂದರೆ 2 ಎಂಬಿ ಆಗುತ್ತೆ. ಬ್ರಶ್ ಸ್ಟೀಲಿಗೆ ಅಷ್ಟು ಸಾಕು. 2ಕೆ ಮಾಡಿದ್ರೆ ನಾಲ್ಕು ಪಟ್ಟು, ಮೊಬೈಲಲ್ಲಿ ನೋಡೋರು ಕಾಯಲ್ಲ.

```html
<model-viewer src="can.glb"
  environment-image="can_probe_1k.hdr"
  exposure="1" shadow-intensity="1"
  camera-controls></model-viewer>
```

ದಿಕ್ಕು ಸರಿಯಿದೆಯಾ ಅಂತ ನೋಡೋಕೆ ಮೊದಲ ಸಲ ಬಲಗಡೆ ಒಂದು ಕೆಂಪು ಡಬ್ಬ ಇಟ್ಟು ತೆಗೆಯಿರಿ. ವೆಬ್ಬಿನಲ್ಲಿ ಕೆಂಪು ಎಡಕ್ಕೋ ಹಿಂದಕ್ಕೋ ಬಂದ್ರೆ ಕ್ಯಾಮೆರಾದ Z ತಿರುವು ಬದಲಿಸಿ ಮತ್ತೆ ತೆಗೆಯೋದು.

ಇದರ ಮಿತಿ: ಮಾಡೆಲ್-ವ್ಯೂವರ್ ಆ ಪನೋರಮಾವನ್ನ ಅನಂತ ದೂರದಲ್ಲಿದೆ ಅಂತಲೇ ತಿಳಿಯುತ್ತೆ. ಗೌರಿಬಿದನೂರಿನವರ ಪೆಟ್ಟಿಗೆ ಲೆಕ್ಕದಲ್ಲಿ ಗೋಡೆಯ ತಳಕ್ಕೆ ಹತ್ತಿರದ ನೆಲ, ಮೇಲಕ್ಕೆ ದೂರದ ನೆಲ ಬೇರೆ ಬೇರೆ ಕಾಣುತ್ತೆ. ಇಲ್ಲಿ ತಳಕ್ಕೂ ತುದಿಗೂ ಒಂದೇ ನೆಲ. ನಿಮ್ಮ ನೆಲ ಒಂದೇ ಬಣ್ಣದ್ದು, ಹಾಗಾಗಿ ಕಣ್ಣಿಗೆ ಬೀಳಲ್ಲ. ಟೈಲ್ಸ್ ನೆಲ ಹಾಕಿದ್ರೆ ತಕ್ಷಣ ಬೀಳುತ್ತೆ. ಇನ್ನು ಹಿಡಿಯ ಬಿಂಬ ಭುಜದ ಮೇಲೆ ಎರಡರಲ್ಲೂ ಬರಲ್ಲ. ಹಿಡಿಯ ಕೆಳಗಿನ ಜಾಗಕ್ಕೆ ಆಕ್ಲೂಶನ್ ಮ್ಯಾಪ್ ಬೇಕ್ ಮಾಡಿ ಹಾಕಿ. ಅಲ್ಲಿ ಬೆಳ್ಳಗೆ ಹೊಳೆಯೋದಾದ್ರೂ ತಗ್ಗುತ್ತೆ.

---

ತಿಪಟೂರು_ಗಾಣ

ಗಾಜಿನ ಬಾಟಲಿಗೂ ಇದೇ ಕಪ್ಪು ಚಾರ್ಟ್ ನಡೆಯುತ್ತಾ? ನಮ್ಮ ಹುಡುಗ ಒಬ್ಬ 3ಡಿ ಮಾಡಿಕೊಟ್ಟ, ಎಣ್ಣೆ ಬಾಟಲಿಗಿಂತ ಸಣ್ಣದಾಗಿ ಒಳಗೆ ತೇಲ್ತಿರೋ ಹಾಗಿದೆ.

---

ಚಿಂತಾಮಣಿ_ಶೇಡರ್

ಅಂಚಿಗೆ ಕಪ್ಪು ಗಾಜಿಗೂ ನಡೆಯುತ್ತೆ. ಎಣ್ಣೆದು ಬೇರೆ ವಿಷಯ: ಎಣ್ಣೆಯ ಮಾಡೆಲ್‌ಗೂ ಗಾಜಿನ ಒಳ ಗೋಡೆಗೂ ನಡುವೆ ಸಂದು ಬಿಟ್ಟಿದ್ದಾರೆ, ಅಲ್ಲಿ ಗಾಳಿ ಇದೆ ಅಂತ ಸಾಫ್ಟ್‌ವೇರ್ ತಿಳಿಯುತ್ತೆ. ಎಣ್ಣೆಯನ್ನ ಗಾಜಿನ ದಪ್ಪದೊಳಕ್ಕೆ ಕೂದಲೆಳೆಯಷ್ಟು ಹೊಗಿಸೋಕೆ ಹೇಳಿ.

---

ಗುಬ್ಬಿ_ಗ್ರಾಫಿಕ್ಸ್

ಒಂದು ಡೌಟು. ಸ್ಟುಡಿಯೋ ಎಚ್‌ಡಿಆರ್ ಎಲ್ಲರದ್ದೂ ಒಂದೇ ಥರ ಕಾಣುತ್ತೆ. ಆ ವರ್ಕ್‌ಶಾಪ್ ಒಳಗೇ ಕ್ಯಾಮೆರಾ ಇಟ್ಟು ನಿಜವಾದ ಎಚ್‌ಡಿಆರ್ ತೆಗೆದ್ರೆ? ಶಟರ್ ಬಾಗಿಲು, ಟ್ಯೂಬ್‌ಲೈಟ್ ಸಾಲು, ಎಲ್ಲ ಸ್ಟೀಲಿನಲ್ಲಿ ಚೆನ್ನಾಗಿ ಬರ್ತವೆ.

---

ಶಿರಾ_ಸ್ಟುಡಿಯೋ

ತೆಗೀಬಹುದು. ರಾ ಫೈಲು, ಮ್ಯಾನ್ಯುಯಲ್, ವೈಟ್ ಬ್ಯಾಲೆನ್ಸ್ ಲಾಕ್, ಅಪರ್ಚರ್ ಬದಲಿಸದೆ ಶಟರ್ ಮಾತ್ರ ಎರಡೆರಡು ಸ್ಟಾಪ್ ಬದಲಿಸುತ್ತಾ ಹೋಗೋದು. ಆದ್ರೆ ಹಳೇ ಚೋಕ್ ಟ್ಯೂಬ್‌ಲೈಟ್ ಇದ್ರೆ ಹುಷಾರು. ನಮ್ಮ ಕರೆಂಟು 50 ಹರ್ಟ್ಜ್, ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತೆ. 1/100ಕ್ಕಿಂತ ವೇಗದ ಶಟರ್‌ನಲ್ಲಿ ಒಂದೊಂದು ಫ್ರೇಮಿಗೆ ಟ್ಯೂಬಿನ ಬೆಳಕು ಒಂದೊಂದು ಥರ ಬರುತ್ತೆ. ಟ್ಯೂಬಿನ ನಿಜ ಬೆಲೆ ಸಿಗೋದು ಆ ವೇಗದ ಫ್ರೇಮುಗಳಿಂದಲೇ, ಹಾಗಾಗಿ ಇಡೀ ಲೆಕ್ಕ ತಪ್ಪುತ್ತೆ. ಎನ್‌ಡಿ ಫಿಲ್ಟರ್ ಹಾಕಿ ಅತಿ ವೇಗದ ಶಟರ್ 1/100ರಲ್ಲೇ ನಿಲ್ಲೋ ಹಾಗೆ ನೋಡ್ಕೊಳ್ಳಿ. ನಿಧಾನದ ಕಡೆ ಎಷ್ಟು ಸೆಕೆಂಡಾದ್ರೂ ಹೋಗಲಿ, ಟ್ರೈಪಾಡ್ ಇದೆಯಲ್ಲ.

---

ಅಂತರಗಂಗೆ_ರೆಂಡರ್

ಅಕ್ಕ, ಪನೋರಮಾ ತೆಗೆದು ಹಾಕಿದೆ, ಕ್ಯಾನ್ ನೆಲಕ್ಕಿಳೀತು. ಹೊಸ ತಲೆನೋವು: ಎದುರಿಂದ ನೋಡಿದ್ರೆ ಅಂಚು ಕಪ್ಪು, ಸರಿ. ಬೆರಳಲ್ಲಿ 90 ಡಿಗ್ರಿ ತಿರುಗಿಸಿದ್ರೆ ಕಪ್ಪು ಹಲಗೆಗಳಲ್ಲಿ ಒಂದು ಮೈ ನಡುವಿಗೇ ಬಂದು ಕೂರುತ್ತೆ, ಅಂಚು ಮತ್ತೆ ಬಿಳಿ.

---

ಚಿಂತಾಮಣಿ_ಶೇಡರ್

ಹೌದು, ಎಳೆದಾಗ ತಿರುಗೋದು ಕ್ಯಾಮೆರಾ. ಎಚ್‌ಡಿಆರ್ ಕ್ಯಾನಿನ ಜೊತೆ ಅಲ್ಲೇ ನಿಂತಿರುತ್ತೆ. ಕ್ಯಾಮೆರಾಗೆ ಹೊಂದಿಸಿದ ಲೈಟಿಂಗ್ ಒಂದು ಕೋನಕ್ಕಷ್ಟೇ ಸರಿ. ನಾನು ಮಾಡೋದು: ವೆಬ್ಬಿಗೆ ಬೇರೆಯದೇ ಸೀನು, ಸುತ್ತಲೂ ಬಿಳಿ ಮತ್ತು ಕಪ್ಪು ಲಂಬ ಪಟ್ಟಿಗಳು ಒಂದಾದ ಮೇಲೊಂದು, ಅಗಲ ಬೇಕಂತಲೇ ಏರುಪೇರು. ಯಾವ ಕೋನದಿಂದ ನೋಡಿದ್ರೂ ಅಂಚಿನ ಹತ್ತಿರ ಒಂದಾದ್ರೂ ಕಪ್ಪು ಸಿಗುತ್ತೆ. ಪಟ್ಟಿ ಜಾಸ್ತಿಯಾದ್ರೆ ಜೀಬ್ರಾ ಆಗುತ್ತೆ.

---

ಗೌರಿಬಿದನೂರು_ಗೇಮ್ಸ್

ನಾನು ಒಪ್ಪಲ್ಲ ಅಕ್ಕ. ಥ್ರೀ.ಜೆಎಸ್‌ನಲ್ಲಿ ನಾವೇ ಸಣ್ಣ ವ್ಯೂವರ್ ಬರೆದು `scene.environmentRotation` ಅನ್ನ ಕ್ಯಾಮೆರಾ ಜೊತೆ ತಿರುಗಿಸಿದ್ರೆ ಕಪ್ಪು ಅಂಚು ಎಲ್ಲ ಕೋನದಲ್ಲೂ ಇರುತ್ತೆ. ಪಟ್ಟಿ ಗಿಟ್ಟಿ ಬೇಡ.

---

ಚಿಂತಾಮಣಿ_ಶೇಡರ್

ಆಗ ಕ್ಯಾನ್ ದುಂಡಗಿರೋದ್ರಿಂದ ತಿರುಗಿಸಿದ್ರೂ ಮೈ ಮೇಲಿನ ಬಿಂಬ ಅಲುಗಾಡೋದೇ ಇಲ್ಲ, ಹಿಡಿ ಮಾತ್ರ ಸುತ್ತುತ್ತೆ. ಹೊಳಪು ಅಂಟಿಸಿದ ಸ್ಟಿಕ್ಕರ್ ಥರ ನಿಂತಿರುತ್ತೆ. ಬಿಂಬ ಮೈ ಮೇಲೆ ಜಾರಿದ್ರೇನೇ ಅದು ಸ್ಟೀಲು ಅಂತ ಕಣ್ಣು ನಂಬೋದು.

---

ಬಫಿಂಗ್_ಮೇಷ್ಟ್ರು

ನಿಜವಾದ ಕ್ಯಾನನ್ನ ಗ್ರಾಹಕ ಕೈಯಲ್ಲಿ ಹಿಡಿದು ತಿರುಗಿಸಿದಾಗ ಹೊಳಪು ನಿಂತಲ್ಲೇ ನಿಲ್ಲುತ್ತಲ್ಲ? ಸುತ್ತ ನಡೆದು ನೋಡಿದ್ರೆ ಅಷ್ಟೇ ಹೊಳಪು ಜಾರೋದು. ನಿಮ್ಮ ವೆಬ್‌ಸೈಟಿನಲ್ಲಿ ಗ್ರಾಹಕ ಯಾವುದು ಮಾಡ್ತಿದಾನೆ ಅಂದ್ಕೊಂಡಿದೀರಿ?

---

ಗೌರಿಬಿದನೂರು_ಗೇಮ್ಸ್

ಮೇಷ್ಟ್ರು ನನ್ನ ಕಡೆ 😄

---

ಅಂತರಗಂಗೆ_ರೆಂಡರ್

ಎರಡೂ ಮಾಡಿ ವರ್ಕ್‌ಶಾಪ್‌ನವರ ಫೋನಿಗೆ ಕಳಿಸ್ತೀನಿ. ಅಕ್ಕ, ಪಟ್ಟಿ ಎಷ್ಟು ಅಗಲದಿಂದ ಶುರು ಮಾಡ್ಲಿ?

---

ಚಿಂತಾಮಣಿ_ಶೇಡರ್

ಕಪ್ಪು 25ರಿಂದ 40 ಡಿಗ್ರಿ, ಬಿಳಿ ಅದಕ್ಕಿಂತ ಅಗಲ. ಅದಕ್ಕಿಂತ ಕಿರಿದಾದ ಕಪ್ಪು ಅಂಚಿಗೆ ಬರೋ ಹೊತ್ತಿಗೆ ಅರ್ಧ ಸೆಂ.ಮೀ.ಗೂ ಕಡಿಮೆಯಾಗಿ, ರಫ್‌ನೆಸ್ 0.3ರಲ್ಲಿ ಕಲಸಿ ಕಾಣದೇ ಹೋಗುತ್ತೆ. ಜಿಎಲ್‌ಬಿ ಎಕ್ಸ್‌ಪೋರ್ಟ್ ಆದ್ಮೇಲೆ ಅನಿಸೋಟ್ರೊಪಿ ಉಳಿದಿದೆಯಾ ಅಂತಲೂ ನೋಡಿ. ಉಳಿದಿಲ್ಲ ಅಂದ್ರೆ ಗೋಡೆ ಮತ್ತೆ ಬರೀ ನೆಲವನ್ನೇ ತೋರಿಸುತ್ತೆ, ಆಗ ಪಟ್ಟಿಗಳನ್ನ ನೆಲದ ಮೇಲೂ ಎಳೀಬೇಕಾಗುತ್ತೆ.